ಕಸಿ ಕಿಡ್ನಿಯೂ ಟಿ ಕೋಶದ ಮೂರು ಸಂಕೇತಗಳೂ

ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸುವ ಬಗೆ ಮೂರು. ರಕ್ತನಾಳ ಜೋಡಿಸಿ ಕ್ಲ್ಯಾಂಪ್ ಬಿಚ್ಚಿದಾಗ ಕಿಡ್ನಿ ಗುಲಾಬಿ ಬಣ್ಣಕ್ಕೆ ತಿರುಗಬೇಕು. ನಿಮಿಷಗಳಲ್ಲೇ ಅದು ನೀಲಿಗಟ್ಟಿ ಮೆತ್ತಗಾದರೆ ಅತಿತೀವ್ರ ತಿರಸ್ಕಾರ. ಹಿಂದಿನ ರಕ್ತ ವರ್ಗಾವಣೆಯಿಂದಲೋ ಬಸುರಿನಿಂದಲೋ ರಕ್ತದಲ್ಲಿ ಮೊದಲೇ ಹುಟ್ಟಿಕೊಂಡಿದ್ದ ಪ್ರತಿಕಾಯಗಳು ಇದಕ್ಕೆ ಕಾರಣ. ಕ್ರಾಸ್‌ಮ್ಯಾಚ್ ಪರೀಕ್ಷೆ ಬಂದ ಮೇಲೆ ಇದು ಅಪರೂಪ. ದೀರ್ಘಕಾಲಿಕ ತಿರಸ್ಕಾರದಲ್ಲಿ ವರ್ಷಗಳುದ್ದಕ್ಕೂ ರಕ್ತನಾಳಗಳು ಕಿರಿದಾಗಿ ಕಿಡ್ನಿ ನಾರುಗಟ್ಟುತ್ತದೆ. ಇದನ್ನು ಹಿಂದಿರುಗಿಸುವ ಔಷಧ ಇಲ್ಲ. ಇವೆರಡರ ನಡುವಿನದು ತೀವ್ರ ತಿರಸ್ಕಾರ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿ ಕಾಣಿಸಿಕೊಳ್ಳುವ ಇದರಲ್ಲಿ ಹೆಚ್ಚಾಗಿ ಟಿ ಕೋಶಗಳದೇ ಕೈವಾಡ. ಔಷಧಗಳು ಚೆನ್ನಾಗಿ ನಾಟುವುದೂ ಇಲ್ಲೇ.

ಪರಕೀಯ ಅಂಗಾಂಶವನ್ನು ಕಂಡ ಮಾತ್ರಕ್ಕೆ ಟಿ ಕೋಶ ದಾಳಿಗಿಳಿಯುವುದಿಲ್ಲ, ಅದಕ್ಕೆ ಮೂರು ಸಂಕೇತಗಳು ಬೇಕು. ಗ್ರಾಹಕಕ್ಕೆ ಪರಕೀಯ ಗುರುತು ತಗುಲುವುದು ಮೊದಲನೆಯದು. ಆಗ ಕೋಶದೊಳಗೆ ಕ್ಯಾಲ್ಸಿಯಂ ಏರಿ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚರಗೊಂಡು, ಇಂಟರ್‌ಲ್ಯೂಕಿನ್-2 ತಯಾರಿಸುವ ಜೀನ್ ಚಾಲೂ ಆಗುತ್ತದೆ. ಟಾಕ್ರೊಲಿಮಸ್ ಮತ್ತು ಸೈಕ್ಲೊಸ್ಪೊರಿನ್ ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಎರಡನೆಯದು, ಗುರುತನ್ನು ತೋರಿಸುವ ಕೋಶ ಕೊಡುವ ಒಪ್ಪಿಗೆ. ಬೆಲಾಟಾಸೆಪ್ಟ್ ಅದನ್ನು ತಡೆಯುತ್ತದೆ. ಮೂರನೆಯದು, ಹೊರಬಂದ ಇಂಟರ್‌ಲ್ಯೂಕಿನ್-2 ಕೊಡುವ 'ವಿಭಜಿಸು' ಎಂಬ ಆಜ್ಞೆ. ಅದು ಬಂದು ಕೂರುವ ಗ್ರಾಹಕಕ್ಕೆ ಬಾಸಿಲಿಕ್ಸಿಮ್ಯಾಬ್ ಅಡ್ಡ ನಿಲ್ಲುತ್ತದೆ, ಒಳಗೆ ಸಾಗುವ ಆಜ್ಞೆಯನ್ನು ಸಿರೊಲಿಮಸ್ ತುಂಡರಿಸುತ್ತದೆ. ಇಷ್ಟನ್ನೂ ದಾಟಿದ ಕೋಶ ವಿಭಜಿಸಲು ಹೊಸ ಡಿಎನ್‌ಎ ಬೇಕು. ಮೈಕೊಫಿನೊಲೇಟ್ ಅದರ ಕಚ್ಚಾವಸ್ತುವನ್ನೇ ನಿಲ್ಲಿಸುತ್ತದೆ. ಬೇರೆ ಬೇರೆ ಮೆಟ್ಟಿಲಲ್ಲಿ ತಡೆದರೆ ಪ್ರತಿಯೊಂದರ ಪ್ರಮಾಣವನ್ನೂ ಕಡಿಮೆ ಇಡಬಹುದು. ಟಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟೆರಾಯ್ಡ್ ಮೂರನ್ನೂ ಒಟ್ಟಿಗೆ ಕೊಡುವುದು ಅದಕ್ಕೇ.

ಈ ಲೆಕ್ಕ ತಪ್ಪುವುದನ್ನು ನೋಡಲು ನಮ್ಮಲ್ಲಿ ಸಾಮಾನ್ಯವಾದ ಕ್ಷಯರೋಗವೇ ಸಾಕು. ಕಸಿಯಾದವರೊಬ್ಬರಿಗೆ ಕ್ಷಯ ಬಂದು ರಿಫಾಂಪಿಸಿನ್ ಶುರುವಾಯಿತೆನ್ನಿ. ಟಾಕ್ರೊಲಿಮಸ್ಸನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ರಿಫಾಂಪಿಸಿನ್ ಹೆಚ್ಚಿಸುತ್ತದೆ. ಮಾತ್ರೆ ದಿನವೂ ತಪ್ಪದೆ ನುಂಗಿದರೂ ರಕ್ತದ ಮಟ್ಟ ಕುಸಿದು ಕ್ಯಾಲ್ಸಿನ್ಯೂರಿನ್ ಬಿಡುಗಡೆಯಾಗುತ್ತದೆ. ಜ್ವರವಿಲ್ಲ, ನೋವಿಲ್ಲ, 1.2 ಇದ್ದ ಕ್ರಿಯಾಟಿನಿನ್ 1.9ಕ್ಕೆ ಏರಿರುತ್ತದೆ, ಅಷ್ಟೇ. ಬೆಳಗಿನ ಮಾತ್ರೆಗೆ ಮುನ್ನ ರಕ್ತ ತೆಗೆದು ಮಟ್ಟ ನೋಡುವುದು ಇಂಥದ್ದನ್ನು ಹಿಡಿಯಲೆಂದೇ. ಮಾತ್ರೆ ನುಂಗಿದ ಮೇಲೆ ತೆಗೆದ ರಕ್ತ ಇಲ್ಲದ ಧೈರ್ಯ ಕೊಡುತ್ತದೆ.

ಹಾಗೆಂದು ಕ್ರಿಯಾಟಿನಿನ್ ಏರಿದ್ದೆಲ್ಲ ತಿರಸ್ಕಾರವಲ್ಲ. ಟಾಕ್ರೊಲಿಮಸ್ ಹೆಚ್ಚಾದರೆ ಅದೇ ಕಿಡ್ನಿಗೆ ವಿಷ. ರೋಗನಿರೋಧಕತೆ ಅತಿಯಾಗಿ ಕುಗ್ಗಿದರೆ ಬಿಕೆ ವೈರಸ್ ಕಿಡ್ನಿಯನ್ನು ಕೆಡಿಸುತ್ತದೆ. ಒಂದಕ್ಕೆ ಔಷಧ ಹೆಚ್ಚಿಸಬೇಕು, ಉಳಿದೆರಡಕ್ಕೆ ಇಳಿಸಬೇಕು. ಹೀಗಾಗಿ ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೂತ್ರನಾಳಿಕೆಗಳ ಗೋಡೆಯೊಳಗೆ ಟಿ ಕೋಶಗಳು ನುಗ್ಗಿದ್ದರೆ ತಿರಸ್ಕಾರದ ಅನುಮಾನ ಗಟ್ಟಿಯಾಗುತ್ತದೆ. ಆದರೆ ಬಿಕೆ ವೈರಸ್ಸೂ ಅದೇ ಚಿತ್ರ ತೋರಿಸಬಲ್ಲದು. ವೈರಸ್ಸಿಗಾಗಿ ಬೇರೆ ಬಣ್ಣ ಹಾಕಿ ನೋಡಿಯೇ ತೀರ್ಮಾನಿಸುತ್ತಾರೆ. ತಿರಸ್ಕಾರವೆಂದು ಖಚಿತವಾದರೆ ಮೊದಲು ಸ್ಟೆರಾಯ್ಡ್ ಅನ್ನು ದೊಡ್ಡ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಟಿ ಕೋಶಗಳನ್ನೇ ನಾಶಮಾಡುವ ಪ್ರತಿಕಾಯಗಳ ಮೊರೆ ಹೋಗುತ್ತಾರೆ.