ಹಿಂಗಾಲು ಮೊದಲು, ಬಾಲ ಕೊನೆಗೆ

ಕಾರ್ಟೂನ್ ನಾಯಿ ಪರದೆಯ ಮೇಲೆ ಊರುದ್ದ ನಡೆಯುತ್ತದೆ. ಆದರೆ ಅಷ್ಟೂ ನಡಿಗೆಯನ್ನು ಯಾರೂ ಬರೆದಿರುವುದಿಲ್ಲ. ನಾಲ್ಕು ಕಾಲೂ ಒಂದೊಂದು ಸಲ ನೆಲ ಮುಟ್ಟಿ, ನಾಯಿ ಮೊದಲಿನ ಭಂಗಿಗೆ ಬರುವಷ್ಟು ಚಿತ್ರ ಬರೆದು, ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತಾರೆ. ಹಿಂದಿನ ಗೋಡೆ, ಮರಗಳು ಮಾತ್ರ ಸರಿಯುತ್ತಿರುತ್ತವೆ. ಇದೇ ವಾಕ್ ಸೈಕಲ್. 1969ರಲ್ಲಿ ಶುರುವಾದ ಸ್ಕೂಬಿ-ಡೂನಂಥ ಟಿವಿ ಸರಣಿಗಳು ಕಡಿಮೆ ಖರ್ಚಿನಲ್ಲಿ ವಾರವಾರವೂ ತಯಾರಾಗಲು ಈ ಮರುಬಳಕೆಯೂ ಒಂದು ಕಾರಣ. ಇದರ ತೊಂದರೆಯೂ ಅಲ್ಲೇ ಇದೆ. ಸೈಕಲ್‌ನೊಳಗೆ ಒಂದು ತಪ್ಪು ಸೇರಿಕೊಂಡರೆ ಅದು ಪ್ರತಿ ಸೆಕೆಂಡಿಗೊಮ್ಮೆ ಕಣ್ಣಿಗೆ ಚುಚ್ಚುತ್ತದೆ.

ಹೊಸಬರ ಕೈಯಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ. ಎಡ ಮುಂಗಾಲಿನ ಜೊತೆಗೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆಗೆ ಎಡ ಹಿಂಗಾಲು ಒಟ್ಟಿಗೇ ಮುಂದೆ ಹೋಗುತ್ತವೆ. ನಾಯಿ ಹೀಗೂ ಹೋಗುತ್ತದೆ ನಿಜ, ಆದರೆ ಅದು ಕುಕ್ಕುಲೋಟ. ಕುಕ್ಕುಲೋಟದ ಕಾಲುಗಳನ್ನು ನಡಿಗೆಯ ನಿಧಾನಕ್ಕೆ ಇಳಿಸಿದರೆ ನಾಯಿ ಕೀಲಿ ಕೊಟ್ಟ ಆಟಿಕೆಯಂತೆ ಕಾಣುತ್ತದೆ. ಪಳಗಿದ ಕೈಗಳೂ ಇಲ್ಲಿ ಎಡವಿವೆ. ಹಂಗೆರಿಯ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು 2009ರಲ್ಲಿ ವಸ್ತುಸಂಗ್ರಹಾಲಯಗಳ ಪ್ರಾಣಿ ಮಾದರಿಗಳು, ಆಟಿಕೆಗಳು, ಪುಸ್ತಕಗಳ ಚಿತ್ರಗಳನ್ನು ಪರಿಶೀಲಿಸಿದಾಗ, ನಡೆಯುವ ಭಂಗಿಯಲ್ಲಿದ್ದ ಹೆಚ್ಚುಕಡಿಮೆ ಅರ್ಧದಷ್ಟು ಪ್ರಾಣಿಗಳ ಕಾಲುಗಳು ತಪ್ಪು ಜಾಗದಲ್ಲಿದ್ದವು. ಎಡ್ವರ್ಡ್ ಮೈಬ್ರಿಜ್ 1887ರಲ್ಲೇ ಪ್ರಾಣಿಗಳ ಚಲನೆಯನ್ನು ಹಂತಹಂತವಾಗಿ ಸೆರೆಹಿಡಿದ ಛಾಯಾಚಿತ್ರಗಳನ್ನು ಪ್ರಕಟಿಸಿದ್ದ ಎನ್ನುವುದನ್ನು ನೆನೆದರೆ ಸ್ವಲ್ಪ ಬೇಸರವೇ ಆಗುತ್ತದೆ.

ಸರಿಯಾದ ಕ್ರಮ ಇದು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಒಂದು ಪಕ್ಕದ ಹಿಂಗಾಲು ಊರುತ್ತದೆ, ತುಸು ಹೊತ್ತಿಗೆ ಅದೇ ಪಕ್ಕದ ಮುಂಗಾಲು ಊರುತ್ತದೆ, ಆಮೇಲೆ ಇನ್ನೊಂದು ಪಕ್ಕದ ಸರದಿ. ಆ 'ತುಸು ಹೊತ್ತು' ಎಷ್ಟು ಎಂಬುದರ ಮೇಲೆಯೇ ಕಾಲು, ಮೈ, ಬಾಲ ಮೂರೂ ನಿಂತಿವೆ.

ಮುಧೋಳ ತಳಿಯಂಥ ಉದ್ದ ಕಾಲಿನ, ಉದ್ದ ಬಾಲದ ನಾಯಿಯನ್ನು ತೆಗೆದುಕೊಳ್ಳೋಣ. ಅದು ಆರಾಮವಾಗಿ ನಡೆಯುತ್ತಿದೆ, ಒಂದು ಸುತ್ತಿಗೆ ಒಂದು ಸೆಕೆಂಡು, ಅಂದರೆ 24 ಫ್ರೇಮು. ಎಡ ಹಿಂಗಾಲು 1ನೇ ಫ್ರೇಮಿನಲ್ಲಿ ಊರಿದರೆ ಎಡ ಮುಂಗಾಲು 7ರಲ್ಲಿ, ಬಲ ಹಿಂಗಾಲು 13ರಲ್ಲಿ, ಬಲ ಮುಂಗಾಲು 19ರಲ್ಲಿ. 25 ಎಂದರೆ ಮತ್ತೆ 1. ಊರಿದ ಪಾದ 15 ಫ್ರೇಮು ನೆಲದ ಮೇಲಿರಲಿ, ಉಳಿದ 9 ಫ್ರೇಮು ಗಾಳಿಯಲ್ಲಿ. ಹೀಗಿರುವಾಗ ಹಿಂಗಾಲುಗಳ ನಡಿಗೆಯನ್ನು ಮೊದಲು ಮುಗಿಸಿ, ಅದೇ ಲೆಕ್ಕವನ್ನು ಮುಂಗಾಲುಗಳಿಗೆ 6 ಫ್ರೇಮು ತಡವಾಗಿ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಕೀಲುಗಳ ಮಡಿಕೆಯನ್ನು ಮಾತ್ರ ನಕಲು ಮಾಡಬಾರದು. ಹಿಂಗಾಲಿನಲ್ಲಿ ಹಿಮ್ಮುಖವಾಗಿ ಮಡಿಚಿದ ಮಂಡಿಯಂತೆ ಕಾಣುವುದು ನಿಜಕ್ಕೂ ಹಿಮ್ಮಡಿ. ಮಂಡಿ ಅದರ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಜೀವಂತ ನಾಯಿಯಲ್ಲಿ ಆ 6 ಫ್ರೇಮಿನ ಅಂತರ ಇನ್ನೂ ಸ್ವಲ್ಪ ಕಡಿಮೆಯೇ ಇರುವುದುಂಟು, ಆದರೆ ಕಾರ್ಟೂನಿಗೆ ಈ ಸಮಪಾಲು ಚೆನ್ನಾಗಿ ಒಪ್ಪುತ್ತದೆ.

ಸರಿ ಬಂದಿದೆಯೇ ಎಂದು ತಿಳಿಯಲು 1ನೇ ಫ್ರೇಮಿನಲ್ಲಿ ನಿಲ್ಲಿಸಿ ನೋಡಬೇಕು. ಎಡ ಹಿಂಗಾಲು ಮುಂದೆ ಚಾಚಿ ಈಗಷ್ಟೇ ಊರಿದೆ. ಎಡ ಮುಂಗಾಲು ಅದಕ್ಕೂ 3 ಫ್ರೇಮು ಮೊದಲು ನೆಲ ಬಿಟ್ಟು ಎದ್ದಿದೆ. ಮುಂಗಾಲು ಖಾಲಿ ಮಾಡಿದ ಜಾಗದ ಹತ್ತಿರವೇ ಹಿಂಗಾಲು ಬಂದು ಕೂತಿದೆ. ಕೆಸರಿನಲ್ಲಿ ನಡೆದ ನಾಯಿಯ ಹೆಜ್ಜೆಗಳು ಒಂದರ ಮೇಲೊಂದು ಬಿದ್ದಂತೆ ಕಾಣುವುದು ಇದರಿಂದಲೇ. ಆ ಕ್ಷಣದಲ್ಲಿ ಎಡಗಡೆಯ ಎರಡು ಕಾಲೂ ಹೊಟ್ಟೆಯ ಕೆಳಗೆ ತುದಿ ಕೂಡಿಸಿಕೊಂಡು ಕೆಳಮುಖ ಕೋನ ಮಾಡಿರುತ್ತವೆ. ಬಲಗಡೆ ಹಾಗಿಲ್ಲ, ಮುಂಗಾಲು ನೆಟ್ಟಗೆ ಭಾರ ಹೊತ್ತಿದೆ, ಹಿಂಗಾಲು ಹಿಂದಕ್ಕೆ ಚಾಚಿದೆ. ಈ ಕೋನ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸಿದರೆ ಕಾಲುಗಳ ಕ್ರಮ ಸರಿಯಿದೆ.

ಇನ್ನು ಭಾರ. ಮೇಲಿನ ಲೆಕ್ಕದಲ್ಲಿ ನಾಯಿ 3 ಫ್ರೇಮು ಮೂರು ಕಾಲಿನ ಮೇಲೆ, 3 ಫ್ರೇಮು ಎರಡು ಕಾಲಿನ ಮೇಲೆ, ಹೀಗೆ ಅದಲುಬದಲಾಗುತ್ತಾ ಹೋಗುತ್ತದೆ. 4ರಿಂದ 7ರವರೆಗೆ ಎಡ ಹಿಂಗಾಲು, ಬಲ ಮುಂಗಾಲು ಎದುರುಬದುರಾಗಿ ನಿಂತಿರುವುದರಿಂದ ಮೈಗೆ ಆಧಾರವಿದೆ. 10ರಿಂದ 13ರವರೆಗೆ ಬಲಗಡೆಯ ಎರಡೂ ಕಾಲು ಗಾಳಿಯಲ್ಲಿರುತ್ತವೆ. ಆಗ ಮೈ ನಡುವಿನಲ್ಲೇ ನೆಟ್ಟಗಿದ್ದರೆ ನಾಯಿ ಬಲಕ್ಕೆ ಬೀಳಬೇಕು. ಅದಕ್ಕೇ ಆ ಹೊತ್ತಿಗೆ ಸೊಂಟವೂ ಎದೆಯೂ ಎಡಕ್ಕೆ ವಾಲಿರಬೇಕು, 22ರಿಂದ 1ರವರೆಗೆ ಬಲಕ್ಕೆ. ಸೊಂಟ ಮೊದಲು ವಾಲುತ್ತದೆ, ಎದೆ ಅದೇ 6 ಫ್ರೇಮು ತಡವಾಗಿ. ಮೇಲಿನಿಂದ ನೋಡಿದರೆ ಬೆನ್ನು ಸಣ್ಣಗೆ ಬಳುಕುತ್ತದೆ.

ಪಕ್ಕದಿಂದ ಕಾಣುವ ಏರಿಳಿತವೂ ಇದೇ ತಡದಿಂದ ಹುಟ್ಟುತ್ತದೆ. ಕಾಲೂರಿದ ತುಸು ಹೊತ್ತಿಗೆ ಭಾರ ಇಳಿಯುತ್ತದೆ, ಆ ಕಾಲು ನೆಟ್ಟಗಾಗಿ ದೇಹವನ್ನು ದಾಟಿಸುವಾಗ ಮೇಲೇಳುತ್ತದೆ. ಸೊಂಟ 4ರಲ್ಲಿ ಕೆಳಗಿದ್ದು 10ರಲ್ಲಿ ಮೇಲಿದ್ದರೆ, ಭುಜ 4ರಲ್ಲಿ ಮೇಲಿದ್ದು 10ರಲ್ಲಿ ಕೆಳಗಿರುತ್ತದೆ. ಬೆನ್ನು ಏತದ ಹಾಗೆ ಆಡುತ್ತದೆ. ಸೊಂಟ, ಭುಜ ಎರಡೂ ಒಟ್ಟಿಗೆ ಏರಿ ಇಳಿದರೆ ಮೇಜಿಗೆ ಕಾಲು ಬಂದಂತಿರುತ್ತದೆ. ಇನ್ನೊಂದು ವಿಚಾರ: ನಾಯಿಯ ಮುಂಗಾಲನ್ನು ಮೈಗೆ ಕೂಡಿಸುವ ಎಲುಬಿನ ಕೀಲಿಲ್ಲ, ಹೆಗಲ ಮೂಳೆ ಸ್ನಾಯುಗಳಲ್ಲೇ ತೂಗಿಕೊಂಡಿರುತ್ತದೆ. ತೂಕದ ಸುಮಾರು 60 ಪಾಲು ಮುಂದೆಯೇ ಇರುವುದರಿಂದ, ಭಾರ ಹೊತ್ತ ಕಡೆಯ ಹೆಗಲು ಬೆನ್ನಿನ ಗೆರೆಗಿಂತ ಮೇಲಕ್ಕೆ ಉಬ್ಬುತ್ತದೆ, ಎತ್ತಿದ ಕಾಲಿನ ಕಡೆ ಕೆಳಗಿಳಿಯುತ್ತದೆ. ಸಪೂರ ಮುಧೋಳದಲ್ಲಿ ಇದು ಎದ್ದು ಕಾಣುತ್ತದೆ. ನನಗೆ ಕೇಳಿದರೆ, ಈ ಉಬ್ಬೊಂದನ್ನು ಬರೆದರೂ ಸಾಕು, ನಾಯಿಗೆ ತೂಕ ಬಂದುಬಿಡುತ್ತದೆ.

ತೂಕ ಕೆಡುವ ಇನ್ನೊಂದು ದಾರಿ ಪಾದ ಜಾರುವುದು. ಊರಿದ ಪಾದ ಫ್ರೇಮಿಗೆ 4 ಮಿ.ಮೀ.ನಂತೆ ಹಿಂದೆ ಸರಿದರೆ ಹಿನ್ನೆಲೆಯೂ ಅಷ್ಟೇ ಸರಿಯಬೇಕು, ಸುತ್ತಿಗೆ 96 ಮಿ.ಮೀ. ಹೆಚ್ಚುಕಡಿಮೆಯಾದರೆ ನಾಯಿ ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದಂತಿರುತ್ತದೆ. ಗಾಳಿಯಲ್ಲಿರುವ ಪಾದದ ವೇಗಕ್ಕೆ ಈ ಕಟ್ಟಿಲ್ಲ.

ಬಾಲ ಸ್ವಂತವಾಗಿ ನಡೆಯುವುದಿಲ್ಲ, ಸೊಂಟ ಎಳೆದಂತೆ ಹೋಗುತ್ತದೆ. ಅದನ್ನು ಬುಡ, ಮುಂದಿನ ಎರಡು ತುಂಡು, ತುದಿ ಎಂದು ನಾಲ್ಕು ಭಾಗ ಮಾಡಿ, ಪ್ರತಿ ಭಾಗವನ್ನೂ ಹಿಂದಿನದಕ್ಕಿಂತ 2 ಫ್ರೇಮು ತಡಮಾಡಿ. ಬುಡ ಸೊಂಟದ ಜೊತೆಗೇ 4ರಲ್ಲಿ ತಳ ಮುಟ್ಟಿದರೆ ಮುಂದಿನ ತುಂಡುಗಳು 6 ಮತ್ತು 8ರಲ್ಲಿ, ತುದಿ 10ರಲ್ಲಿ. 10ರಲ್ಲಿ ಬುಡ ಆಗಲೇ ಮೇಲೆ ಹೋಗಿರುತ್ತದೆ. ತುದಿ ಕೆಳಗೆ, ಬುಡ ಮೇಲೆ. ಬಾಲದಲ್ಲಿ ಬೇಕಾದ ಬಳುಕು ತಾನಾಗಿ ಬರುತ್ತದೆ. ತಡ 4 ಫ್ರೇಮಿಗೆ ಹೋದರೆ ಅಲೆ ಅತಿಯಾಗಿ, ನಾಯಿಯ ಹಿಂದೆ ಹಾವು ಕಟ್ಟಿದಂತಾಗುತ್ತದೆ. ತಡವೇ ಇಲ್ಲದಿದ್ದರೆ ಅದು ಕೋಲು. ಏರಿಳಿತ ಸುತ್ತಿಗೆ ಎರಡು ಸಲ ಬರುತ್ತದೆ, ಎಡಬಲದ ತೂಗಾಟ ಒಂದೇ ಸಲ, ಏಕೆಂದರೆ ಸೊಂಟ ವಾಲುವುದೂ ಹಾಗೆಯೇ.

ಬೀದಿನಾಯಿಯ ಸುರುಳಿ ಬಾಲಕ್ಕೆ ಈ ಲೆಕ್ಕ ಅಷ್ಟು ನಡೆಯದು. ಅದರ ಬುಡ ತುಸು ಅಲುಗಿದರೆ ಮುಗಿಯಿತು. ಡೊಂಕು ಬಾಲದ ಗಾದೆ ಇಲ್ಲಿ ಅನಿಮೇಟರನ ಕೆಲಸ ಉಳಿಸುತ್ತದೆ. ಖುಷಿಗೆ ಬಾಲ ಆಡಿಸುವುದು ಬೇರೆಯದೇ ಚಲನೆ, ಅದನ್ನು ನಾಯಿ ತಾನಾಗಿ ಮಾಡುತ್ತದೆ. ಅದನ್ನೂ ಸೇರಿಸುವುದಾದರೆ ಒಂದು ಆಡಿಕೆಗೆ 8 ಅಥವಾ 12 ಫ್ರೇಮು ಕೊಡಬೇಕು. 10 ಕೊಟ್ಟರೆ 24ಕ್ಕೆ ಭಾಗವಾಗದೆ, ಸೈಕಲ್ ಮತ್ತೆ ಶುರುವಾದಾಗಲೆಲ್ಲ ಬಾಲ ಚಂಗನೆ ಪಕ್ಕಕ್ಕೆ ಹಾರುತ್ತದೆ.