ಒಂದು ಅಡ್ಡಗೆರೆ, ಒಂದು ಸುಟ್ಟ ಸೀಲು

ಬೆಳಗಿನ ಆರೂವರೆಗೆ ವಾಚ್‌ಮನ್ ಬಾಗಿಲು ಬಡಿದ. "ಸಾರ್, ಸಂಪಲ್ಲಿ ತೊಟ್ಟು ನೀರಿಲ್ಲ, ಮೋಟ್ರು ಮಾತ್ರ ಓಡ್ತಾನೇ ಐತೆ." ಕೆಳಗೆ ಹೋಗಿ ಪಂಪಿನ ಮೈ ಮುಟ್ಟಿದೆ, ಚುರ್ರೆಂದು ಕೈ ಹಿಂದಕ್ಕೆಳೆದುಕೊಂಡೆ. ಪಂಪಿನೊಳಗಿನ ಮೆಕ್ಯಾನಿಕಲ್ ಸೀಲಿಗೆ ನೀರೇ ತಂಪು, ನೀರೇ ಕೀಲೆಣ್ಣೆ. ಅದಿಲ್ಲದೆ ತಿರುಗಿದರೆ ಸೀಲು ಸುಟ್ಟು ಶಾಫ್ಟಿನ ಬಳಿ ಸೋರತೊಡಗುತ್ತದೆ. ನಮ್ಮದೂ ಸೋರಿತು.

ಆಟೋಮ್ಯಾಟಿಕ್ ಪ್ಯಾನೆಲ್ ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ. ಅದರ ಬಾಗಿಲ ಒಳಬದಿಯಲ್ಲಿ ಕೂಡಿಸಿದವರೇ ಅಂಟಿಸಿದ ಫ್ಲೋಚಾರ್ಟ್ ಇತ್ತು: ಡೈಮಂಡುಗಳು, ಬಾಣಗಳು, ಕೊನೆಗೆ ಚೌಕದಲ್ಲಿ "ಆನ್" ಅಥವಾ "ಆಫ್". ಬೆರಳಿಟ್ಟು ಒಂದೊಂದೇ ದಾರಿ ಹಿಡಿದು ಹೋದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಫ್ಲೋಚಾರ್ಟಿನ ತೊಂದರೆಯೇ ಇದು. ನಡೆದ ದಾರಿಯನ್ನು ಅದು ಚೆನ್ನಾಗಿ ತೋರಿಸುತ್ತದೆ. ಆ ದಾರಿಯಲ್ಲಿ ಕೇಳದೇ ಬಿಟ್ಟ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ.

ಹಾಗಾಗಿ ಅದನ್ನು ನಿರ್ಧಾರ ಕೋಷ್ಟಕಕ್ಕೆ ಇಳಿಸಿದೆ. ಇದು ಹೊಸ ಉಪಾಯವೇನಲ್ಲ. ಕಂಪ್ಯೂಟರ್ ಲೋಕದಲ್ಲಿ 1960ರ ದಶಕದಿಂದಲೇ ಬಳಕೆಯಲ್ಲಿದೆ. ಮೊದಲು ಚಿತ್ರದ ಡೈಮಂಡುಗಳಲ್ಲಿರುವ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಬೇಕು. ನಮ್ಮದರಲ್ಲಿ ನಾಲ್ಕಿದ್ದವು. ಟ್ಯಾಂಕಿನ ಮೇಲಿನ ಫ್ಲೋಟ್ ಮುಳುಗಿದೆಯೇ? ಕೆಳಗಿನ ಫ್ಲೋಟ್ ಮುಳುಗಿದೆಯೇ? ಸಂಪಿನಲ್ಲಿ ನೀರಿದೆಯೇ? ಮೋಟರ್ ಈಗ ಓಡುತ್ತಿದೆಯೇ? ಆಮೇಲೆ ಆರಂಭದಿಂದ ಕೊನೆಯ ಚೌಕದವರೆಗಿನ ಪ್ರತಿ ದಾರಿಗೂ ಒಂದು ಸಾಲು. ದಾರಿಯಲ್ಲಿ ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ, ಕೇಳದ ಪ್ರಶ್ನೆಗೆ ಅಡ್ಡಗೆರೆ.

| ಸಾಲು | ಮೇಲಿನ ಫ್ಲೋಟ್ | ಕೆಳಗಿನ ಫ್ಲೋಟ್ | ಸಂಪ್ | ಓಡುತ್ತಿದೆಯೇ | ಮೋಟರ್ | ಎಷ್ಟು |
|---|---|---|---|---|---|---|
| 1 | ಹೌದು | – | – | – | ಆಫ್ | 8 |
| 2 | ಇಲ್ಲ | ಇಲ್ಲ | ಹೌದು | – | ಆನ್ | 2 |
| 3 | ಇಲ್ಲ | ಇಲ್ಲ | ಇಲ್ಲ | – | ಆಫ್ | 2 |
| 4 | ಇಲ್ಲ | ಹೌದು | – | ಹೌದು | ಓಡುತ್ತಿರಲಿ | 2 |
| 5 | ಇಲ್ಲ | ಹೌದು | – | ಇಲ್ಲ | ನಿಂತೇ ಇರಲಿ | 2 |

ಕೊನೆಯ ಅಂಕಣ ನಾನು ಸೇರಿಸಿದ್ದು. ಎರಡೇ ಉತ್ತರವಿರುವ ನಾಲ್ಕು ಪ್ರಶ್ನೆಗಳಿಂದ ಆಗಬಹುದಾದ ಸನ್ನಿವೇಶಗಳು 2×2×2×2, ಅಂದರೆ 16. ಒಂದು ಅಡ್ಡಗೆರೆ ಇರುವ ಸಾಲು ಎರಡು ಸನ್ನಿವೇಶಗಳನ್ನು ಹಿಡಿಯುತ್ತದೆ, ಎರಡಿದ್ದರೆ ನಾಲ್ಕು, ಮೂರಿದ್ದರೆ ಎಂಟು. ಎಲ್ಲ ಸಾಲುಗಳ ಮೊತ್ತ 16 ಬರಬೇಕು. ಕಡಿಮೆ ಬಂದರೆ ಯಾವುದೋ ಸನ್ನಿವೇಶಕ್ಕೆ ಉತ್ತರವಿಲ್ಲ. ಹೆಚ್ಚು ಬಂದರೆ ಒಂದೇ ಸನ್ನಿವೇಶ ಎರಡು ಸಾಲುಗಳಲ್ಲಿ ಕೂತಿದೆ. ಎರಡೂ ತಪ್ಪು ಒಟ್ಟಿಗೇ ಆಗಿ ಮೊತ್ತ ಸರಿ ಬರುವುದೂ ಉಂಟು. ಅದಕ್ಕೇ ಯಾವ ಎರಡು ಸಾಲುಗಳನ್ನು ತೆಗೆದುಕೊಂಡರೂ ಒಂದು ಅಂಕಣದಲ್ಲಾದರೂ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಇರಬೇಕು. ಇದ್ದರೆ ಅವು ಒಂದರ ಮೇಲೊಂದು ಬಿದ್ದಿಲ್ಲ. "ಉಳಿದದ್ದಕ್ಕೆಲ್ಲ ಆಫ್" ಎಂಬ ಸಾಲನ್ನು ಮೊದಲೇ ಸೇರಿಸುವ ಚಾಳಿಯೂ ಕೆಲವರಿಗಿದೆ. ಹಾಗೆ ಮಾಡಿದರೆ ಲೆಕ್ಕ ಯಾವತ್ತೂ ತಾಳೆಯಾಗುತ್ತದೆ. ತಾಳೆ ನೋಡಿ ಉಪಯೋಗವಿಲ್ಲ.

ನಮ್ಮದು ಕೂಡಿದರೆ 8+2+2+2+2. ಸರಿಯಾಗಿ 16! ಸಾಲುಗಳು ಒಂದರ ಮೇಲೊಂದು ಬಿದ್ದೂ ಇಲ್ಲ. ಲೆಕ್ಕದಲ್ಲಿ ಪಾಸಾದ ಚಿತ್ರ, ಪಂಪನ್ನು ಮಾತ್ರ ಸುಟ್ಟಿತ್ತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಪ್ರತಿ ಡೈಮಂಡಿನಿಂದ ಹೌದು, ಇಲ್ಲ ಎರಡೂ ಬಾಣ ಹೊರಟು, ಎಲ್ಲ ಬಾಣಗಳೂ ಒಂದೊಂದು ಕೊನೆ ಮುಟ್ಟಿದರೆ, ಯಾವುದೇ ದಾರಿಯಲ್ಲಿ ಒಂದೇ ಪ್ರಶ್ನೆ ಮತ್ತೆ ಬರದಿದ್ದರೆ, ಮೊತ್ತ ತಾನಾಗಿಯೇ ಸರಿ ಬರುತ್ತದೆ. ಬಾಣ ಬಿಟ್ಟುಹೋದದ್ದನ್ನು ಮೊತ್ತ ಹಿಡಿದುಕೊಡುತ್ತದೆ. ಉತ್ತರ ತಪ್ಪಾಗಿರುವುದನ್ನು ಹಿಡಿಯಲಾರದು.

ಅದು ಸಿಗುವುದು ಅಡ್ಡಗೆರೆಗಳಲ್ಲಿ. ಒಂದೇ ಗೆರೆಗೆ ಎರಡು ಅರ್ಥ: "ಇಲ್ಲಿ ಈ ಪ್ರಶ್ನೆಯ ಉತ್ತರ ಏನಾದರೂ ನಡೆದೀತು" ಎಂಬುದು ಒಂದು, "ಯಾರೂ ಕೇಳಲಿಲ್ಲ" ಎಂಬುದು ಇನ್ನೊಂದು. ಯಾವುದೆಂದು ತಿಳಿಯಲು ಗೆರೆಯನ್ನು ಅಳಿಸಿ, ಅಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ ಬರೆದು, ಸಾಲನ್ನು ಗಟ್ಟಿಯಾಗಿ ಓದಬೇಕು. ನಾಲ್ಕನೇ ಸಾಲಿನ ಸಂಪಿನ ಗೆರೆಗೆ "ಇಲ್ಲ" ಬರೆದು ಓದಿ: ಟ್ಯಾಂಕ್ ಅರ್ಧ ತುಂಬಿದೆ, ಸಂಪಿನಲ್ಲಿ ನೀರಿಲ್ಲ, ಮೋಟರ್ ಓಡುತ್ತಿದೆ, ಓಡುತ್ತಿರಲಿ. ನಮ್ಮ ಸೀಲು ಹೋದದ್ದು ಇದೇ ಸಾಲಿನಲ್ಲಿ. ಚಿತ್ರ ಬರೆದವರು ಸಂಪನ್ನು ಕೇಳಿದ್ದು ಮೋಟರ್ ಶುರು ಮಾಡುವಾಗ ಮಾತ್ರ. ನಡುವೆ ಸಂಪ್ ಖಾಲಿಯಾದೀತು ಎಂದು ಅವರಿಗೆ ಹೊಳೆಯಲಿಲ್ಲ. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಅದು ಹೊಳೆಯಬೇಕಿತ್ತು ಅನ್ನಿ.

ಒಂದನೇ ಸಾಲನ್ನೂ ಹೀಗೇ ಬಿಡಿಸಿದಾಗ ಒಂದು ವಿಚಿತ್ರ ಸನ್ನಿವೇಶ ಸಿಕ್ಕಿತು. ಮೇಲಿನ ಫ್ಲೋಟ್ ಮುಳುಗಿದೆ, ಕೆಳಗಿನದು ಮುಳುಗಿಲ್ಲ. ನೀರು ಹಾಗೆ ನಿಲ್ಲುವುದು ಸಾಧ್ಯವೇ ಇಲ್ಲ. ಪುಸ್ತಕದ ಪ್ರಕಾರ ಇಂಥ ಅಸಾಧ್ಯ ಸಾಲುಗಳನ್ನು ಹೊಡೆದುಹಾಕಬಹುದು. ನಾನು ಹಾಗೆ ಮಾಡಲಿಲ್ಲ. ನೀರಿಗೆ ಅಸಾಧ್ಯವಾದದ್ದು ಫ್ಲೋಟಿಗೆ ಸಾಧ್ಯ: ಅದರ ವೈರು ಪೈಪಿಗೆ ಸಿಕ್ಕಿಕೊಂಡರೆ ನೀರಿಳಿದರೂ ಫ್ಲೋಟ್ ಮೇಲೇ ನೇತಾಡುತ್ತದೆ. ಆಗ ಹಳೇ ಚಿತ್ರ "ಟ್ಯಾಂಕ್ ತುಂಬಿದೆ" ಎಂದುಕೊಂಡು ಮೋಟರನ್ನು ಆಫ್ ಮಾಡಿ ಸುಮ್ಮನಿರುತ್ತದೆ. ಬೆಳಿಗ್ಗೆ ನಲ್ಲಿಯಲ್ಲಿ ಗಾಳಿ ಬರುತ್ತದೆ. ಇಂಥ ಸಾಲಿಗೆ ಗಂಟೆ ಬಾರಿಸುವುದೇ ಸರಿಯಾದ ಉತ್ತರ.

ಹೊಸ ಕೋಷ್ಟಕ ಬರೆಯುವಾಗ ಇನ್ನೊಂದು ಲಾಭವಾಯಿತು. ಟ್ಯಾಂಕ್ ಅರ್ಧವಿದ್ದು ಸಂಪಿನಲ್ಲಿ ನೀರಿದ್ದರೆ, ಓಡುವ ಮೋಟರ್ ಓಡುತ್ತಿರಲಿ, ನಿಂತದ್ದು ನಿಂತಿರಲಿ. ಎರಡಕ್ಕೂ ಉತ್ತರ "ಇದ್ದಂತೆಯೇ ಇರಲಿ". ಒಂದೇ ಅಂಕಣದಲ್ಲಿ ಬೇರೆಯಾಗಿ, ಉತ್ತರ ಒಂದೇ ಆದ ಎರಡು ಸಾಲುಗಳನ್ನು ಕೂಡಿಸಿ ಅಲ್ಲಿ ಗೆರೆ ಎಳೆಯಬಹುದು. ಕೂಡಿಸಿದರೆ ಓಡುತ್ತಿದೆಯೇ ಎಂಬ ಅಂಕಣದ ತುಂಬ ಗೆರೆಗಳೇ ಉಳಿದವು. ಅಂದರೆ ಆ ಪ್ರಶ್ನೆಯೇ ಬೇಡ. ಮೂರು ಪ್ರಶ್ನೆ, ಎಂಟು ಸನ್ನಿವೇಶ, ಐದು ಸಾಲು.

| ಸಾಲು | ಸಂಪ್ | ಕೆಳಗಿನ ಫ್ಲೋಟ್ | ಮೇಲಿನ ಫ್ಲೋಟ್ | ಮೋಟರ್ | ಎಷ್ಟು |
|---|---|---|---|---|---|
| 1 | ಇಲ್ಲ | – | – | ಆಫ್ | 4 |
| 2 | ಹೌದು | ಇಲ್ಲ | ಇಲ್ಲ | ಆನ್ | 1 |
| 3 | ಹೌದು | ಹೌದು | ಇಲ್ಲ | ಇದ್ದಂತೆಯೇ | 1 |
| 4 | ಹೌದು | ಹೌದು | ಹೌದು | ಆಫ್ | 1 |
| 5 | ಹೌದು | ಇಲ್ಲ | ಹೌದು | ಆಫ್, ಗಂಟೆ | 1 |

ಇಲ್ಲೂ ಒಂದನೇ ಸಾಲಿನಲ್ಲಿ ಎರಡು ಗೆರೆಗಳಿವೆ, ಬಿಡಿಸಿ ನೋಡಿದೆ. ಸಂಪ್ ಖಾಲಿ ಇದ್ದು ಫ್ಲೋಟ್ ಸಿಕ್ಕಿಕೊಂಡಿದ್ದರೆ ಗಂಟೆ ಬಾರಿಸುವುದಿಲ್ಲ. ಸಂಪಿಗೆ ನೀರು ಬಂದ ಮೇಲೆ ಬಾರಿಸುತ್ತದೆ. ಮೋಟರಿಗೆ ಅಪಾಯವಿಲ್ಲ, ತಡವಾದರೂ ಪರವಾಗಿಲ್ಲವೆಂದು ಬಿಟ್ಟೆವು. ಈ ಸಲ ಆ ಗೆರೆಗಳು ಕೇಳಿ ನೋಡಿ ಎಳೆದವು.

ಕೋಷ್ಟಕವನ್ನು ಎಲೆಕ್ಟ್ರಿಷಿಯನ್‌ಗೆ ಕೊಟ್ಟೆ. ಓದಿ ತಲೆ ಕೆರೆದುಕೊಂಡರು. "ಸಾರ್, ಸಂಪಿನ ಫ್ಲೋಟು ಒಂದೇ. ನೀರು ಅದರ ಮಟ್ಟದಲ್ಲೇ ಅಲ್ಲಾಡ್ತಿದ್ರೆ ಒಂದು ನಿಮಿಷ ಆನು, ಒಂದು ನಿಮಿಷ ಆಫು. ಇದರಲ್ಲಿ ಅದೆಲ್ಲಿದೆ?" ಇರಲಿಲ್ಲ. ಕೋಷ್ಟಕಕ್ಕೆ ಆ ಕ್ಷಣ ಮಾತ್ರ ಗೊತ್ತು. ಹಿಂದಿನ ನಿಮಿಷ ಏನಾಯಿತೆಂದು ಅದು ಕೇಳುವುದಿಲ್ಲ. ಸಂಪಿಗೂ ಎರಡನೇ ಫ್ಲೋಟ್ ಹಾಕಿದರೆ ಪ್ರಶ್ನೆಗಳು ನಾಲ್ಕು, ಸನ್ನಿವೇಶಗಳು ಮತ್ತೆ 16. ಅವರು ಅದರ ಬದಲು ಒಂದು ಟೈಮರ್ ಹಾಕಿದರು: ಆಫ್ ಆದ ಮೇಲೆ ಹತ್ತು ನಿಮಿಷ ಆನ್ ಆಗಕೂಡದು. ಕೋಷ್ಟಕದ ಕೆಳಗೆ ಅದನ್ನು ಪೆನ್ನಿನಲ್ಲಿ ಬರೆದು, ಪ್ಯಾನೆಲ್ಲಿನ ಬಾಗಿಲಿಗೆ ಹಳೇ ಚಿತ್ರದ ಮೇಲೇ ಅಂಟಿಸಿದರು.