ನಿಮಗಿದು ಗೊತ್ತೇ? ದನವೋ ಧನವೋ, ಪರದೆಯ ಮೇಲೆ ತಿಳಿಯಬೇಕಾದರೆ

ದೃಷ್ಟಿ ಮಂದವಾದಾಗ ಕನ್ನಡದಲ್ಲಿ ಮೊದಲು ಮಾಯವಾಗುವುದು ಅಕ್ಷರವಲ್ಲ, ಅಕ್ಷರದ ಒಂದು ತುಣುಕು ಎಂಬುದು ನಿಮಗೆ ಗೊತ್ತೇ? ‘ದನ’ಕ್ಕೂ ‘ಧನ’ಕ್ಕೂ ನಡುವೆ ಇರುವುದು ಬುಡದ ಒಂದು ಪುಟ್ಟ ಸೀಳು. ‘ಶಾಸ್ತ್ರ’ದಲ್ಲಿ ಎರಡು ಒತ್ತುಗಳು ಸಾಲಿನ ಕೆಳಗೆ ಇಳಿದು, ಮೇಲಿನ ಅಕ್ಷರಕ್ಕಿಂತ ಚಿಕ್ಕದಾಗಿ ಕೂರುತ್ತವೆ. ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ. ದಿನವೂ ಸಂಜೆ ಲ್ಯಾಪ್‌ಟಾಪ್‌ನಲ್ಲಿ ಸುದ್ದಿ ಓದುತ್ತಾರೆ. ಇಂಗ್ಲಿಷಿನ ಅಕ್ಷರ ಸಲೀಸಾಗಿ ಕಾಣುವ ಅಳತೆಯಲ್ಲೇ ಕನ್ನಡದ ಒತ್ತು ಅವರಿಗೆ ಬರೀ ಒಂದು ಮಸಿಚುಕ್ಕೆ.

ಬ್ರೌಸರ್ ಒಂದೊಂದು ಜಾಲತಾಣಕ್ಕೂ ಬೇರೆ ಬೇರೆ ಜೂಮ್ ನೆನಪಿಟ್ಟುಕೊಳ್ಳುತ್ತದೆ, ಗೊತ್ತೇ? ಫೈರ್‌ಫಾಕ್ಸ್‌ನಲ್ಲಿ `Ctrl` ಒತ್ತಿಹಿಡಿದು `+` ಅನ್ನು ನಾಲ್ಕು ಸಲ ಒತ್ತಿದರೆ 100ರಿಂದ 110, 120, 133 ದಾಟಿ 150%ಗೆ ಬರುತ್ತದೆ. ನಾಳೆ ಅದೇ ತಾಣ ತೆರೆದರೆ ಅದೇ 150. ಪಕ್ಕದ ತಾಣಕ್ಕೆ ಇದರ ಗೊಡವೆಯಿಲ್ಲ. ಈ ನೆನಪು ವಿಳಾಸದ ಹೆಸರಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಒಂದೇ ಸಂಸ್ಥೆಯದಾದರೂ `www` ಎಂದು ಶುರುವಾಗುವ ವಿಳಾಸಕ್ಕೆ ಕೊಟ್ಟ ಜೂಮ್ `m` ಎಂದು ಶುರುವಾಗುವುದಕ್ಕೆ ಬರುವುದಿಲ್ಲ. ಅಲ್ಲಿ ಮತ್ತೊಮ್ಮೆ ಹಿಗ್ಗಿಸಬೇಕು. ಖಾಸಗಿ ಕಿಟಕಿಯಲ್ಲಿ ಮಾಡಿದ್ದು ಕಿಟಕಿ ಮುಚ್ಚಿದೊಡನೆ ಹೋಗುತ್ತದೆ. ಇತಿಹಾಸ ಅಳಿಸುವಾಗ ತಾಣಗಳ ಸೆಟ್ಟಿಂಗ್ಸ್‌ಗೂ ಟಿಕ್ ಹಾಕಿದರೆ ಎಲ್ಲ ತಾಣಗಳ ಜೂಮ್ ಒಟ್ಟಿಗೆ ಅಳಿದುಹೋಗುತ್ತದೆ. ‘ಲ್ಯಾಪ್‌ಟಾಪ್ ಕ್ಲೀನ್ ಮಾಡಿಕೊಟ್ಟೆ’ ಎಂದು ಮೊಮ್ಮಕ್ಕಳು ಹೇಳಿದ ಮರುದಿನ ಅಕ್ಷರ ಕುಗ್ಗಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ವಿಳಾಸಪಟ್ಟಿಯಲ್ಲಿ 150% ಎಂದು ಕಾಣುವ ಅಂಕಿ ಬರೀ ಸೂಚನೆಯಲ್ಲ, ಗುಂಡಿಯೂ ಹೌದು. ಕೈತಪ್ಪಿ ಅದನ್ನು ಕ್ಲಿಕ್ ಮಾಡಿದರೆ ಹಿಗ್ಗಿಸಿದ್ದೆಲ್ಲ ಮೂಲ ಅಳತೆಗೆ ಮರಳುತ್ತದೆ.

ಜೂಮ್ ಹೆಚ್ಚಿಸಿದಾಗ ಮೆನು ಏಕೆ ಕಾಣೆಯಾಗುತ್ತದೆ? 1366 ಪಿಕ್ಸೆಲ್ ಅಗಲದ ಪರದೆಯಲ್ಲಿ 200% ಕೊಟ್ಟರೆ ಪುಟದ ಪಾಲಿಗೆ ಸಿಗುವುದು 683 ಪಿಕ್ಸೆಲ್ ಮಾತ್ರ. ಇದು ಮೊಬೈಲೋ ಟ್ಯಾಬ್ಲೆಟ್ಟೋ ಇರಬೇಕೆಂದುಕೊಂಡು ಪುಟ ತನ್ನ ಮೆನುವನ್ನು ಮೂರು ಅಡ್ಡಗೆರೆಗಳ ಗುರುತಿನೊಳಗೆ ಮಡಚಿಡುತ್ತದೆ. ಪುಟ ಕೆಟ್ಟಿಲ್ಲ. ಆ ಮೂರು ಗೆರೆಗಳ ಮೇಲೆ ಒತ್ತಿದರೆ ಎಲ್ಲವೂ ಅಲ್ಲೇ ಇದೆ. ದೊಡ್ಡಮ್ಮ ಇದನ್ನು ತಿಳಿಯದೆ ವಾರಗಟ್ಟಲೆ ಬರೀ ಮುಖಪುಟ ಓದಿ ಮುಗಿಸುತ್ತಿದ್ದರು. ಮೊದಲೇ ಹೇಳಿಕೊಡಲಿಲ್ಲವಲ್ಲ ಎಂದು ನನಗೆ ಈಗಲೂ ಬೇಸರವಿದೆ.

ಇನ್ನು ಬಹಳ ಜನಕ್ಕೆ ತಿಳಿಯದ ಸಂಗತಿ. ಫೈರ್‌ಫಾಕ್ಸ್‌ನಲ್ಲಿ ಅಕ್ಷರದ ಕನಿಷ್ಠ ಗಾತ್ರವನ್ನು ಕನ್ನಡಕ್ಕೆಂದೇ ಬೇರೆಯಾಗಿ ನಿಗದಿ ಮಾಡಬಹುದು! `Settings`ನಲ್ಲಿ `Fonts` ಹುಡುಕಿ, ಅಲ್ಲಿರುವ `Advanced` ಒತ್ತಿ. `Fonts for` ಎಂಬ ಪಟ್ಟಿಯಲ್ಲಿ `Kannada` ಆರಿಸಿ, ಕೆಳಗಿನ `Minimum font size` ಜಾಗದಲ್ಲಿ 18 ಕೊಡಿ. ಜೂಮ್ ಇಡೀ ಪುಟವನ್ನೇ ಹಿಗ್ಗಿಸುತ್ತದೆ, ಚಿತ್ರ, ಜಾಹೀರಾತು, ಖಾಲಿ ಜಾಗ ಎಲ್ಲವನ್ನೂ. ಕನಿಷ್ಠ ಗಾತ್ರ ಹಾಗಲ್ಲ. ದೊಡ್ಡ ತಲೆಬರಹವನ್ನು ಅದು ಮುಟ್ಟುವುದಿಲ್ಲ, ಚಿತ್ರದಡಿಯ ವಿವರ, ದಿನಾಂಕ, ಅಡಿಟಿಪ್ಪಣಿಯಂಥ 11, 12ರ ಪುಡಿ ಅಕ್ಷರಗಳೂ ಸೇರಿ 18ಕ್ಕಿಂತ ಚಿಕ್ಕವನ್ನು ಮಾತ್ರ 18ಕ್ಕೆ ಎತ್ತುತ್ತದೆ.

ಆದರೆ ಇಷ್ಟು ಮಾಡಿದ ಮೇಲೂ ಕೆಲವು ತಾಣಗಳಲ್ಲಿ ಏನೂ ಬದಲಾಗುವುದಿಲ್ಲ. ಪುಟ ಯಾವ ಭಾಷೆಯದೆಂದು ಬ್ರೌಸರ್ ಕಣ್ಣಿಂದ ನೋಡಿ ತಿಳಿಯುವುದಿಲ್ಲ, ಪುಟವೇ ತನ್ನ ಒಳಬರಹದಲ್ಲಿ ಹೀಗೆ ಹೇಳಿಕೊಂಡಿರಬೇಕು:

```
<html lang="kn">
```

ಎಷ್ಟೋ ಕನ್ನಡ ಪುಟಗಳಲ್ಲಿ ಆ ಜಾಗದಲ್ಲಿ `en` ಎಂದಿರುತ್ತದೆ. ಓದುವವರಿಗೆ ಕನ್ನಡ, ಬ್ರೌಸರ್‌ಗೆ ಇಂಗ್ಲಿಷ್. ಆಗ ಲೆಕ್ಕಕ್ಕೆ ಬರುವುದು `Latin` ಎಂಬಲ್ಲಿ ಕೊಟ್ಟ ಗಾತ್ರ. ಭಾಷೆಯನ್ನೇ ಹೇಳದ ಪುಟಗಳೂ ಇವೆ. ಅದಕ್ಕೇ ನಾನು `Kannada`, `Latin`, `Other Writing Systems` ಮೂರರಲ್ಲೂ ಅದೇ 18 ಇಟ್ಟುಬಿಡುತ್ತೇನೆ. ಪುಟ ಕಟ್ಟುವವರು ಈ ಎರಡಕ್ಷರ ಸರಿಯಾಗಿ ಬರೆದರೆ ಓದುವವರ ಈ ಅಲೆದಾಟ ತಪ್ಪುತ್ತದೆ. ಕ್ರೋಮ್‌ನಲ್ಲಿ ಇಷ್ಟು ತಲೆನೋವಿಲ್ಲ: `chrome://settings/fonts` ಎಂದು ಟೈಪಿಸಿದರೆ ಎಲ್ಲ ಲಿಪಿಗೂ ಒಂದೇ ಜಾರುಗುಂಡಿ ಸಿಗುತ್ತದೆ.

ಗಾತ್ರವನ್ನು 24, 28 ಎಂದು ಏರಿಸುತ್ತ ಹೋದರೆ ಗುಂಡಿಗಳ ಮೇಲಿನ ಬರಹ ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಸಾಲು ಸಾಲಿನ ಮೇಲೆ ಹತ್ತುತ್ತದೆ. ಒಂದು ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗತೊಡಗಿದರೆ ಗಾತ್ರ ಅತಿಯಾಯಿತೆಂದೇ ಅರ್ಥ. ಎರಡು ಮೆಟ್ಟಿಲು ಇಳಿಸಿ, ಉಳಿದದ್ದನ್ನು ಜೂಮ್‌ಗೆ ಬಿಡಿ.

ರೀಡರ್ ಮೋಡ್ ಲೇಖನವನ್ನು ಗುರುತಿಸುವಾಗ ಅಲ್ಪವಿರಾಮಗಳನ್ನೂ ಎಣಿಸುತ್ತದೆ, ಗೊತ್ತೇ? ಫೈರ್‌ಫಾಕ್ಸ್‌ನ ಈ ಸೌಲಭ್ಯ ಪುಟದ ಪ್ಯಾರಾಗಳಿಗೆ ಅಂಕ ಕೊಡುತ್ತದೆ. ಉದ್ದಕ್ಕೊಂದಿಷ್ಟು, ಅಲ್ಪವಿರಾಮಗಳಿಗೊಂದಿಷ್ಟು. ನಿಜವಾದ ಗದ್ಯದಲ್ಲಿ ಅಲ್ಪವಿರಾಮ ಇರುತ್ತದೆ, ಮೆನು ಜಾಹೀರಾತುಗಳಲ್ಲಿ ಕಡಿಮೆ ಎಂಬ ಲೆಕ್ಕಾಚಾರ. ಹೆಚ್ಚು ಅಂಕ ಬಂದ ಭಾಗವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬದಿಗಿಡುತ್ತದೆ. ಬರೀ ತಲೆಬರಹಗಳಿರುವ ಮುಖಪುಟದಲ್ಲಿ ರೀಡರ್‌ನ ಗುರುತು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಯಾವುದಾದರೂ ಸುದ್ದಿಯನ್ನು ತೆರೆದ ಮೇಲೆ ವಿಳಾಸಪಟ್ಟಿಯಲ್ಲಿ ಹಾಳೆಯಂಥ ಚಿಹ್ನೆ ಬರುತ್ತದೆ. ವಿಂಡೋಸ್‌ನಲ್ಲಿ `F9` ಒತ್ತಿದರೂ ಸಾಕು.

ಒಳಗೆ ಹೋದಮೇಲೆ ಅಕ್ಷರದ ಗಾತ್ರ ಹಿಗ್ಗಿಸುವುದು ಎಲ್ಲರಿಗೂ ಹೊಳೆಯುತ್ತದೆ. ಕನ್ನಡಕ್ಕೆ ಅದಕ್ಕಿಂತ ಹೆಚ್ಚು ಉಪಕಾರ ಮಾಡುವುದು ಸಾಲುಗಳ ನಡುವಿನ ಅಂತರ. ಒತ್ತುಗಳಿಗೆ ಕೆಳಗೆ ಕಾಲು ಚಾಚಲು ಜಾಗ ಸಿಕ್ಕಿ ‘ಶಾಸ್ತ್ರ’ದ ತಾವತ್ತೂ ರಾವತ್ತೂ ಬಿಡಿಬಿಡಿಯಾಗಿ ಕಾಣುತ್ತವೆ. ಇಲ್ಲಿನ ಹೊಂದಿಕೆಯನ್ನು ಒಮ್ಮೆ ಮಾಡಿದರೆ ಸಾಕು, ಯಾವ ತಾಣದ ಲೇಖನವನ್ನು ರೀಡರ್‌ನಲ್ಲಿ ತೆರೆದರೂ ಅದೇ ಬರುತ್ತದೆ.

ಮೊಬೈಲ್‌ನಲ್ಲಿ ಎರಡು ಬೆರಳಿಂದ ಹಿಗ್ಗಿಸಿದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಸಾಲೂ ಪರದೆಯ ಆಚೆ ಹೋಗಿಬಿಡುತ್ತದೆ. ಐಫೋನಿನ ಸಫಾರಿಯಲ್ಲಿ ತಾಣಕ್ಕೊಂದು ಜೂಮ್ ಇಡಬಹುದು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ `Settings` ಒಳಗಿನ `Accessibility` ನೋಡಿ. ಹಿಗ್ಗಿಸಲು ಬಿಡದ ತಾಣಗಳನ್ನು ಬಗ್ಗಿಸುವ `Force enable zoom` ಅಲ್ಲೇ ಇದೆ.

ಇವುಗಳಲ್ಲಿ ಜೂಮ್ ಬಿಟ್ಟು ಬೇರೇನೂ ನಡೆಯದ ಕಡೆಯೂ ಒಂದಿದೆ. ಅಚ್ಚಿನ ಪುಟವನ್ನೇ ಚಿತ್ರವಾಗಿ ಹಾಕಿದ ಇ-ಪೇಪರ್‌ನಲ್ಲಿ, ಸ್ಕ್ಯಾನ್ ಮಾಡಿದ ಆದೇಶದಲ್ಲಿ ಬ್ರೌಸರ್ ಪಾಲಿಗೆ ಅಕ್ಷರವೇ ಇಲ್ಲ. ಕನಿಷ್ಠ ಗಾತ್ರವೂ ರೀಡರೂ ಅಲ್ಲಿ ಕೆಲಸಕ್ಕೆ ಬಾರವು. ಮೌಸ್ ಎಳೆದು ಒಂದು ಪದವನ್ನು ಆಯ್ದು ನೋಡಿ. ಒಂದು ಪದವೂ ಆಯ್ಕೆಯಾಗದಿದ್ದರೆ ಅದು ಬಹುಮಟ್ಟಿಗೆ ಚಿತ್ರವೇ, ಜೂಮ್ ಒಂದೇ ದಾರಿ.

ದೊಡ್ಡಮ್ಮನ ಲ್ಯಾಪ್‌ಟಾಪ್‌ನಲ್ಲಿ ಈಗ ಕನಿಷ್ಠ ಗಾತ್ರ 18. ಅವರು ಓದುವ ಸುದ್ದಿತಾಣಕ್ಕೆ 133%, ಕರೆಂಟ್ ಬಿಲ್ ಪುಟಕ್ಕೆ 170%, ಇ-ಪೇಪರ್‌ಗೆ 200%. ಉದ್ದನೆಯ ಲೇಖನ ಸಿಕ್ಕರೆ `F9`. ಆ ಕೀಲಿಯ ಮೇಲೆ ಒಂದು ಕೆಂಪು ಸ್ಟಿಕರ್ ಬೊಟ್ಟು ಅಂಟಿಸಿಕೊಟ್ಟಿದ್ದೇನೆ.